ರಂಧ್ರ ಕೆತ್ತಲು ಹೋದರೆ ಅಜ್ಜನ ಮೂಗೇ ಊದಿಕೊಂಡಿತು, ಅನುಭವ ಹೇಳಿ

ಬ್ಯಾಡಗಿಯಿಂದ ಪ್ರಶ್ನೆ
ನಮ್ಮೂರ ಮೆಣಸಿನಕಾಯಿ ಮಾರ್ಕೆಟ್ಟಿನ ಹಮಾಲಿ ಅಜ್ಜನೊಬ್ಬರ ಮುಖವನ್ನು ಬ್ಲೆಂಡರ್ 3ಡಿ ಸಾಫ್ಟ್‌ವೇರಿನಲ್ಲಿ ಕೆತ್ತುತ್ತಿದ್ದೇನೆ. ಮೂಲ ಮೆಶ್ 6,000 ಫೇಸ್. ಮೆಶ್ಶನ್ನು ಹಂತ ಹಂತವಾಗಿ ನುಣುಪಾಗಿ ಒಡೆಯುವ ಮಲ್ಟಿರೆಸ್‌ನ 5ನೇ ಹಂತದಲ್ಲಿ ಬ್ರಷ್‌ಗೆ ಆಲ್ಫಾ ಚಿತ್ರ ಹಾಕಿ ಚರ್ಮದ ರಂಧ್ರ ಮಾಡಿದೆ. ಮೂಗು ದಪ್ಪ ಆಯ್ತು. ಸ್ಮೂತ್ ಮಾಡಿದರೆ ರಂಧ್ರ ಹೋಯ್ತು, ಊತ ಹೋಗಲಿಲ್ಲ. ರೆಪ್ಪೆ ಅಂಚೂ ಮೊಂಡಾಯಿತು. ಏನು ಮಾಡಲಿ?

ಗದಗದಿಂದ
ತಮ್ಮಾ, ಸುಮ್ನೆ Multires Displacement Eraser ಬ್ರಷ್ ತಗೊಂಡು ಮೂಗಿನ ಮೇಲೆ ತಿಕ್ಕು. ರಂಧ್ರ, ಊತ ಎರಡೂ ಹೋಗಿ ಹಳೇ ಮೂಗು ವಾಪಸ್ ಬರುತ್ತದೆ. ನಾನು ಯಾವಾಗಲೂ ಹಾಗೇ ಮಾಡುವುದು.

ಧಾರವಾಡದಿಂದ
ಗದಗದ ಅಣ್ಣಾರು ಹೇಳಿದ್ದು ಅರ್ಧ ಸರಿ. ಆ ಬ್ರಷ್ ಅಳಿಸುವುದು ಕೊನೆಯ ಹಂತವನ್ನಷ್ಟೇ ಅಲ್ಲ. ಆ 6,000 ಫೇಸಿನ ಮೂಲ ಮೆಶ್ ಕಡೆಗೇ ಎಳೆಯುತ್ತದೆ. 2-3ನೇ ಹಂತದಲ್ಲಿ ಕೆತ್ತಿದ ಮೂಗಿನ ಹೊಳ್ಳೆ, ಕೆನ್ನೆಯ ಮಡಿಕೆ ಎಲ್ಲ ಜೊತೆಗೇ ಹೋಗುತ್ತವೆ. ರಂಧ್ರ ಶುರು ಮಾಡುವ ಮೊದಲೇ Apply Base ಒತ್ತಿದ್ದರೆ ಮೂಲ ಮೆಶ್ ಕೆತ್ತಿದ ಆಕಾರಕ್ಕೆ ಹತ್ತಿರ ಬಂದಿರುತ್ತಿತ್ತು. ಆಗ ಆ ಬ್ರಷ್ ಕೆಲಸಕ್ಕೆ ಬರುತ್ತದೆ. ಈಗ ಒತ್ತಿದರೆ ಊತವೂ ಮೂಲ ಮೆಶ್‌ಗೆ ಸೇರುತ್ತದೆ.

ಬ್ಯಾಡಗಿಯವರೇ, ಊತ ಬಂದದ್ದು ಮಲ್ಟಿರೆಸ್‌ನಿಂದಲ್ಲ, ಆಲ್ಫಾದಿಂದ ಅನಿಸುತ್ತದೆ. ಚಿತ್ರದ ಹಿನ್ನೆಲೆ ಕಪ್ಪಲ್ಲ, ಬೂದು ಅಲ್ವಾ? ಬೂದು ಅಂದರೆ ಬ್ರಷ್ ಅಲ್ಲೂ ಅರ್ಧದಷ್ಟು ಎತ್ತುತ್ತದೆ. ಒಂದು ಸಲ ಒತ್ತಿ ಬೆಳಕನ್ನು ಅಡ್ಡಕ್ಕೆ ತಿರುಗಿಸಿ ನೋಡಿ. ರಂಧ್ರದ ಸುತ್ತ ರೊಟ್ಟಿಯಂಥ ಗುಂಡನೆಯ ಅಂಚು ತೆಳ್ಳಗೆ ಕಂಡರೆ ಅದೇ ರೋಗ. ಅಂಥ ಇಪ್ಪತ್ತು ರೊಟ್ಟಿ ಒಂದರ ಮೇಲೊಂದು ಬಿದ್ದರೆ ಮೂಗು ಊದಲೇಬೇಕು. ಬ್ರಷ್‌ನ Texture ಭಾಗದಲ್ಲಿ Sample Bias ಇದೆ. ಅದನ್ನು -0.5 ಅಕ್ಕಪಕ್ಕ ಇಟ್ಟು, ಅಂಚು ಕಾಣದಂತೆ ಆಗುವವರೆಗೆ ಹೊಂದಿಸಿ.

ಊತ ತೆಗೆಯಲು ಮೇಲಿನ ಹಂತದಲ್ಲಿ ಸ್ಮೂತ್ ಮಾಡಬೇಡಿ. ಅಲ್ಲಿ 61 ಲಕ್ಷ ಫೇಸ್ ಇವೆ. ಸ್ಮೂತ್‌ಗೆ ಪಕ್ಕದ ಬಿಂದುಗಳಷ್ಟೇ ಕಾಣುತ್ತವೆ. ಅದು ರಂಧ್ರವನ್ನು ಮೊದಲು ತಿನ್ನುತ್ತದೆ, ಅಗಲದ ಊತವನ್ನು ಮುಟ್ಟುವುದೇ ಇಲ್ಲ. Sculpt ಹಂತವನ್ನು 2ಕ್ಕೆ ಇಳಿಸಿ. ಅಲ್ಲಿ 96,000 ಫೇಸ್. ದೊಡ್ಡ Grab ಬ್ರಷ್‌ನಿಂದ ಮೂಗನ್ನು ಒಳಕ್ಕೆ ಒತ್ತಿ, ಮತ್ತೆ 5ಕ್ಕೆ ಹೋಗಿ. ಉಳಿದ ರಂಧ್ರಗಳು ಚರ್ಮದ ಜೊತೆಗೇ ಜರುಗಿರುತ್ತವೆ. 2ರಲ್ಲಿ ಮೈ ತರಿತರಿಯಾಗಿ ಕಂಡರೆ ಮೇಲೆ ರಂಧ್ರ ಜಾಸ್ತಿ ಆಳ ಹೋಗಿದೆ ಅಂತ ಅರ್ಥ. ಕೆಳಗಿನ ಹಂತದ ಬಿಂದುಗಳು ಆ ಗುಂಡಿಗಳೊಳಗೇ ಬಿದ್ದಿರುತ್ತವೆ.

ಹುಬ್ಬಳ್ಳಿಯಿಂದ
ಅಷ್ಟು ಕಷ್ಟ ಯಾಕೆ? ನಾನು ಅಜ್ಜಿಯ ಮುಖವನ್ನು 3ಡಿ ಪ್ರಿಂಟ್ ಮಾಡಿಸಿದೆ. ಎರಡು ದಿನ ಕೂತು ಮಾಡಿದ ರಂಧ್ರ ಒಂದೂ ಕಾಣಲಿಲ್ಲ. ಪ್ರಿಂಟರ್ ನಾಝಲ್ 0.4 ಮಿ.ಮೀ. ಇತ್ತು. ಸುಕ್ಕು ಮಾತ್ರ ಬಂದವು.

ಬ್ಯಾಡಗಿಯಿಂದ
ಪ್ರಿಂಟ್‌ಗೆ ಅಲ್ಲ ಸರ್, ರೆಂಡರ್‌ಗೆ. ಧಾರವಾಡದ ಅಕ್ಕಾ, ನೀವು ಹೇಳಿದ ಹಾಗೇ ಆಲ್ಫಾ ಬೂದೇ ಇತ್ತು! ಮೂಗು ಸರಿಯಾಯಿತು. ರೆಪ್ಪೆಗೆ ಮಾಸ್ಕ್ ಹಾಕಿ ಮತ್ತೆ ರಂಧ್ರ ಮಾಡಿದೆ. ಈಗ ಮಾಸ್ಕ್ ಮುಗಿದಲ್ಲಿ ಮೆಟ್ಟಿಲಿನಂತೆ ಗೆರೆ ಬಂದಿದೆ.

ಧಾರವಾಡದಿಂದ
ಮಾಸ್ಕ್ ಅಂಚು ಚೂಪಾಗಿದೆ, ಅದಕ್ಕೇ. A ಒತ್ತಿದರೆ ಬರುವ ಚಕ್ರದಲ್ಲಿ Smooth Mask ಮೂರ್ನಾಲ್ಕು ಸಲ ಒತ್ತಿ. ಕಪ್ಪು ನೆರಳು ನಿಧಾನವಾಗಿ ಕರಗಿದಂತೆ ಕಾಣಬೇಕು. ರೆಪ್ಪೆಯ ಅಂಚು, ತುಟಿಯ ಕೆಂಪು ಭಾಗ, ಹೊಳ್ಳೆಯ ಅಂಚು, ಈ ಮೂರನ್ನು ನಾನು ಯಾವಾಗಲೂ ಮುಚ್ಚಿಡುತ್ತೇನೆ.

ಹಣೆಯ ಸುಕ್ಕುಗಳನ್ನು 4ನೇ ಹಂತದಲ್ಲೇ ಮುಗಿಸಿ. ಆಮೇಲೆ Mask from Cavity ಹಾಕಿ ಸುಕ್ಕಿನ ತಳವನ್ನು ಮುಚ್ಚಿ. ತಳದ ಬದಲು ಉಬ್ಬು ಕಪ್ಪಾದರೆ Ctrl+I ಒತ್ತಿ ತಿರುವಿ. ರಂಧ್ರಗಳು ಉಬ್ಬಿದ ಚರ್ಮದ ಮೇಲೆ ಮಾತ್ರ ಕೂರುತ್ತವೆ, ಸುಕ್ಕು ತುಂಬಿಹೋಗುವುದಿಲ್ಲ. ಬಿಸಿಲಲ್ಲಿ ದುಡಿದ ಮುಖದಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಅಜ್ಜನ ಕೆನ್ನೆಗೆ ಇದು ಬೇಕೇ ಬೇಕು.

ಗದಗದಿಂದ
Apply Base ಮೊದಲೇ ಒತ್ತಬೇಕಿತ್ತು ಅನ್ನುವುದನ್ನು ನಾನು ಮರೆತಿದ್ದೆ, ಒಪ್ಪುತ್ತೇನೆ. ಆದರೆ Cavity ಮಾಸ್ಕ್ ನನಗೆ ಹಿಡಿಸುವುದಿಲ್ಲ. ಸಣ್ಣ ತರಿಗಳನ್ನೂ ಹಿಡಿದು ಮಾಸ್ಕ್ ಚುಕ್ಕೆ ಚುಕ್ಕೆ ಆಗುತ್ತದೆ. ಕೈಯಿಂದಲೇ ಬಳಿಯುವುದು ವಾಸಿ.

ಧಾರವಾಡದಿಂದ
ಅದಕ್ಕೇ ರಂಧ್ರಕ್ಕೆ ಮೊದಲೇ ಹಾಕಬೇಕು ಅಣ್ಣಾ, ಆಮೇಲಲ್ಲ. ಕಣ್ಣಿನ ಕೆಳಗಿನ ಸಣ್ಣ ಸುಕ್ಕಿಗೆ ಮಾತ್ರ ನಾನೂ ಕೈಯಿಂದಲೇ ಬಳಿಯುತ್ತೇನೆ. ಅಲ್ಲಿ Cavity ನನಗೂ ಇನ್ನೂ ಸರಿಯಾಗಿ ಕೂತಿಲ್ಲ.

ಬ್ಯಾಡಗಿಯಿಂದ
ಹಣೆ ಮುಗಿಯಿತು, ಮೆಟ್ಟಿಲು ಹೋಯ್ತು. ಇವತ್ತು ರಾತ್ರಿ ಕೆನ್ನೆ. ಫೈಲಿನ ಒಂದು ಕಾಪಿ ಬೇರೆ ಇಟ್ಟುಕೊಂಡೇ ಶುರು ಮಾಡುತ್ತೇನೆ. ಕಣ್ಣಿನ ಕೆಳಗೆ ಕೈ ಮಾಸ್ಕ್ ಬಳಿಯುವಾಗ ಬ್ರಷ್ ಬಲ ಎಷ್ಟು ಇಡುತ್ತೀರಿ, ಅದನ್ನೊಂದು ಯಾರಾದರೂ ಹೇಳಿ.