12 ಅಡಿ ಬೇಸ್‌ಮೆಂಟ್, ಪಕ್ಕದಲ್ಲೇ ಹಳೇ ಮನೆ: ನೇರ ಅಗೆಯಬಹುದಾ?

ಸೈಟ್ 4060: ಬೆಂಗಳೂರು, 40x60 ಸೈಟು, 12 ಅಡಿ ಬೇಸ್‌ಮೆಂಟ್. ಎಡಗಡೆ ಹಳೇ ಸೈಜುಗಲ್ಲಿನ ಪಾಯದ ಮನೆ, ಅವರ ಗೋಡೆ ಕಾಂಪೌಂಡ್‌ನಿಂದ 3 ಅಡಿ ದೂರ. ಆ ಕಡೆ 9 ಅಡಿ ನೇರವಾಗಿ ಅಗೆದಾಗಿದೆ, ತಳದಲ್ಲಿ ನೀರು ಜಿನುಗುತ್ತಿದೆ. ನಿನ್ನೆ ಪಕ್ಕದವರ ಪ್ಯಾಸೇಜಿನ ಸಿಮೆಂಟ್ ನೆಲದಲ್ಲಿ ಉದ್ದಕ್ಕೆ ಕೂದಲೆಳೆಯಂಥ ಬಿರುಕು ಕಂಡಿತು. ಮೇಸ್ತ್ರಿ "ಮಣ್ಣು ಗಟ್ಟಿ ಇದೆ, ಇನ್ನು ಮೂರಡಿ ತೆಗೆದುಬಿಡೋಣ" ಅನ್ನುತ್ತಾರೆ. ಮುಂದುವರಿಸಬಹುದಾ?

ಗೌಡ ಜೆಸಿಬಿ: ಗಾಬರಿ ಬೇಡ ಸಾರ್. ನಾನು ಗಾಡಿ ಇಟ್ಟು ಇಪ್ಪತ್ತು ವರ್ಷವಾಯಿತು. ನಮ್ಮ ಕೆಂಪು ಮಣ್ಣು 15 ಅಡಿ ನೇರ ನಿಂತಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಬಕೆಟ್ ಹಾಕಿದಾಗಲೇ ಗೊತ್ತಾಗುತ್ತದೆ. ಹೆಂಟೆ ಹೆಂಟೆಯಾಗಿ ಎದ್ದರೆ ಗಟ್ಟಿ, ಪುಡಿಯಾಗಿ ಸುರಿದರೆ ಸಡಿಲ. ಮಳೆ ಬೀಳದ ಹಾಗೆ ಅಂಚಿಗೆ ಟಾರ್ಪಾಲು ಹೊದಿಸಿ, ನಾಲ್ಕು ಸರ್ವೆ ಕಂಬ ಒರಗಿಸಿ ಕೊಟ್ಟರೆ ಸಾಕು.

ಅಡಿಪಾಯ: ಮೊದಲು ಒಂದು ಮಾತು. ನೇರ ಅಗೆದ ಆ ಮಣ್ಣಿನ ಗೋಡೆಯ ಬುಡದಲ್ಲಿ ಇವತ್ತಿನಿಂದ ಯಾರನ್ನೂ ಇಳಿಸಬೇಡಿ. ಅಗೆದ ಮಣ್ಣು ಸೈಟಿನಲ್ಲೇ ಇದ್ದರೆ, ಜೆಸಿಬಿಯಿಂದ ವಾಪಸ್ ತಂದು ಎಡಗಡೆಯ ಬುಡಕ್ಕೆ ಒತ್ತಿ ಸುರಿಸಿ. ಐದಾರು ಅಡಿ ಎತ್ತರಕ್ಕೆ, ಇಳಿಜಾರಾಗಿ. ನಷ್ಟ ಅನ್ನಿಸುತ್ತದೆ, ಆದರೆ ಬುಡದಲ್ಲಿ ಕೂತ ಆ ಭಾರವೇ ಈಗ ಗೋಡೆಯನ್ನು ಹಿಡಿಯುವುದು. ಮಿಷನ್ ನಡುವಿನಿಂದ ಕೆಲಸ ಮಾಡಲಿ, ಎಡ ಅಂಚಿನ ಮೇಲೆ ನಿಲ್ಲಬಾರದು.

ಬಿರುಕಿನ ಎರಡೂ ತುದಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಬಿರುಕಿನ ಮೇಲೆ ಅಂಗೈಯಗಲ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ. ಅದು ಬಿರಿದರೆ ನೆಲ ಇನ್ನೂ ಸರಿಯುತ್ತಿದೆ ಅಂತ ಲೆಕ್ಕ. ಹಾಗಾದರೆ ಆ ಮನೆಯವರನ್ನು ಹೊರಗೆ ಕಳಿಸಬೇಕಾಗುತ್ತದೆ, ನಾಚಿಕೆ ಪಡಬೇಡಿ.

ಗೌಡ ಜೆಸಿಬಿ: ಮೇಡಂ, ಕೂದಲೆಳೆ ಬಿರುಕಿಗೆ ಇಷ್ಟೊಂದಾ? ಹಳೇ ಸಿಮೆಂಟ್ ನೆಲ, ಬಿಸಿಲಿಗೂ ಬಿರಿಯುತ್ತದೆ.

ಅಡಿಪಾಯ: ಬಿಸಿಲಿಗೆ ಬಿರಿದದ್ದು ಅಡ್ಡಾದಿಡ್ಡಿ ಇರುತ್ತದೆ. ಇದು ಹಳ್ಳದ ಅಂಚಿಗೆ ಸಮನಾಗಿ ಉದ್ದಕ್ಕೆ ಬಂದಿದೆ, ಅದೂ ಅಗೆದ ಮೇಲೆ. ಮಣ್ಣು ಜಾರುವ ಮುಂಚೆ ಮೇಲೆ ಕಾಣಿಸುವುದು ಹೀಗೇ.

ನೀವು ನೋಡಿದ್ದು ಸುಳ್ಳಲ್ಲ ಗೌಡ್ರೇ. ಕೆಂಪು ಮಣ್ಣು ಒಣಗಿದ್ದಾಗ ನೇರ ನಿಲ್ಲುತ್ತದೆ. ಅದರೊಳಗಿನ ಸ್ವಲ್ಪ ತೇವವೇ ಕಣಗಳನ್ನು ಹತ್ತಿರಕ್ಕೆ ಎಳೆದು ಹಿಡಿದಿರುತ್ತದೆ. ಮಳೆ ನೀರು ಇಳಿದು ಮಣ್ಣು ತೊಯ್ದರೆ ಆ ಹಿಡಿತ ಹೋಗುತ್ತದೆ. ತಿಂಗಳು ನಿಂತ ಗೋಡೆ ಒಂದು ರಾತ್ರಿಯಲ್ಲಿ ಬೀಳುವುದು ಅದಕ್ಕೇ. ಟಾರ್ಪಾಲಿನ ಮಾತು ಸರಿ. ಆದರೆ ನೀರು ಮೇಲಿನಿಂದ ಮಾತ್ರ ಬರುವುದಿಲ್ಲ, ಇವರಿಗೆ ಪಕ್ಕದಿಂದಲೂ ಬರುತ್ತಿದೆ.

ಸರ್ವೆ ಕಂಬದ ಮಾತು ಮಾತ್ರ ಬಿಡಿ. 12 ಅಡಿ ಮಣ್ಣು ಉದ್ದದಲ್ಲಿ ಪ್ರತಿ ಒಂದಡಿಗೆ ಸುಮಾರು ಒಂದು ಟನ್‌ಗಿಂತ ಜಾಸ್ತಿ ತಳ್ಳುತ್ತದೆ. ಇದು ಪಕ್ಕದ ಮನೆಯ ಭಾರ, ನೀರಿನ ಒತ್ತಡ ಬಿಟ್ಟು. ಬರೀ ಮಣ್ಣಿಗೆ ಒರಗಿಸಿದ ಕಂಬದ ತುದಿ ಮಣ್ಣಿನೊಳಗೇ ತೂರುತ್ತದೆ. ಹಿಂದೆ ಹಲಗೆ ಬೇಕು, ಹಲಗೆಗೆ ಅಡ್ಡ ತೊಲೆ ಬೇಕು, ಕಂಬದ ಬುಡಕ್ಕೆ ಜಾರದ ಆಸರೆ ಬೇಕು.

ಕುಡ್ಲದವಳು: ನಮ್ಮ ಮಂಗಳೂರಿನ ಕಡೆ ಮುರಕಲ್ಲಿನಲ್ಲಿ ಬಾವಿ ತೋಡಿ ನೋಡಿ, 30 ಅಡಿ ನೇರ, ಒಂದು ರಿಂಗೂ ಇಲ್ಲ. ನಮ್ಮ ಮನೆ ಬಾವಿ ಅಜ್ಜನ ಕಾಲದ್ದು. ಎಲ್ಲಾ ಕಡೆ ಹೀಗೆ ಹೆದರಿಸುವುದು ಯಾಕೆ?

ಅಡಿಪಾಯ: ನಿಮ್ಮಲ್ಲಿ ಮೇಲಿರುವುದು ಕಲ್ಲು ಅಮ್ಮಾ, ಮಣ್ಣಲ್ಲ. ಬಾವಿ ದುಂಡಗಿರುವುದೂ ಸಹಾಯ, ಸುತ್ತಲಿನ ಮಣ್ಣು ಒಂದಕ್ಕೊಂದು ಒತ್ತಿ ನಿಲ್ಲುತ್ತದೆ. ಉದ್ದ ನೇರ ಗೋಡೆಗೆ ಆ ಅನುಕೂಲ ಇಲ್ಲ. ಮುರಕಲ್ಲಿನ ಕೆಳಗೆ ಶೇಡಿ ಮಣ್ಣು ಬಂದಾಗ ಏನಾಗುತ್ತದೆ ಅಂತ ನಿಮ್ಮ ಅಜ್ಜನ ಕಡೆಯವರಿಗೆ ಗೊತ್ತಿರುತ್ತದೆ.

ಕುಡ್ಲದವಳು: ಅದು ಹೌದು. ಹಿತ್ತಲಿನ ಗುಡ್ಡ ಕಡಿದಾಗ ಕೆಳಗಿನ ಬಿಳಿ ಶೇಡಿ ಮಳೆಗಾಲದಲ್ಲಿ ಗಂಜಿಯ ಹಾಗೆ ಹರಿದು, ಮೇಲಿನ ಕಲ್ಲು ಹಾಗೇ ಕುಸಿದಿತ್ತು. ಕಲ್ಲು ಗಟ್ಟಿಯೇ ಇತ್ತು, ಕೆಳಗೆ ಆಧಾರ ಇರಲಿಲ್ಲ.

ಸೈಟ್ 4060: ಮಣ್ಣು ವಾಪಸ್ ಸುರಿಸಿದೆ. ಆದರೆ ಲೆಕ್ಕ ಅರ್ಥವಾಗಲಿಲ್ಲ. ಅವರ ಗೋಡೆ 3 ಅಡಿ ಆಚೆ, ನನ್ನ ಗೋಡೆ ಕಾಂಪೌಂಡ್‌ನಿಂದ 3 ಅಡಿ ಈಚೆ. ಒಟ್ಟು 6 ಅಡಿ ಇದೆಯಲ್ಲ?

ಅಡಿಪಾಯ: ನಿಮ್ಮ ಗೋಡೆಯ ಹೊರಗೆ ಶಟರಿಂಗ್ ಕಟ್ಟಲು, ವಾಟರ್‌ಪ್ರೂಫಿಂಗ್ ಹಚ್ಚಲು 2 ಅಡಿ ಜಾಗ ಬಿಟ್ಟು ಅಗೆದಿದ್ದೀರಿ ಅಲ್ವಾ? ಅಂದರೆ ಹಳ್ಳದ ಅಂಚು ಕಾಂಪೌಂಡ್‌ನಿಂದ ಒಂದೇ ಅಡಿ. ಅವರ ಗೋಡೆಗೆ 4 ಅಡಿ. ಸೈಜುಗಲ್ಲಿನ ಪಾಯ ಗೋಡೆಗಿಂತ ಒಂದಡಿ ಹೊರಗೆ ಬಂದಿರುತ್ತದೆ ಅಂತಿಟ್ಟುಕೊಳ್ಳಿ. ಉಳಿದದ್ದು 3 ಅಡಿ.

ಈಗ ಆ ಪಾಯದ ಬುಡದ ಅಂಚಿನಿಂದ ನಿಮ್ಮ ಕಡೆಗೆ 45 ಡಿಗ್ರಿ ಇಳಿಜಾರಿನ ಗೆರೆ ಎಳೆಯಿರಿ. ಮನೆಯ ಭಾರ ಹರಡಿಕೊಂಡು ಇಳಿಯುವುದು ಸುಮಾರಾಗಿ ಆ ಗೆರೆಯ ಒಳಗೆ. ಪಾಯ 4 ಅಡಿ ಆಳ ಇದ್ದರೆ, 3 ಅಡಿ ದೂರದಲ್ಲಿ ಆ ಗೆರೆ 7 ಅಡಿ ಆಳಕ್ಕೆ ಬಂದಿರುತ್ತದೆ. ನೀವು 9 ಅಡಿ ಅಗೆದಿದ್ದೀರಿ. ಅವರ ಮನೆ ಕೂತಿರುವ ಮಣ್ಣನ್ನೇ ಎರಡು ಅಡಿ ಕಡಿದ ಹಾಗೆ. 12ಕ್ಕೆ ಹೋದರೆ ಐದು ಅಡಿ. ಪಾಯ ನಿಜವಾಗಿ ಎಷ್ಟು ಆಳ ಅಂತ ಅವರ ಒಪ್ಪಿಗೆ ಪಡೆದು, ಒಂದೇ ಕಡೆ ಚಿಕ್ಕ ಗುಂಡಿ ತೆಗೆದು ನೋಡಬೇಕು. ಊಹೆ ಸಾಲದು.

ಹುಬ್ಬಳ್ಳಿ ಪೈಪ್: ಟ್ರೆಂಚ್ ವಿಷಯ ಅಂತ ಓದಲು ಬಂದೆ, ಇದು ಮನೆ ಕೆಲಸ. ಇರಲಿ, ನನ್ನದೂ ಹೇಳುತ್ತೇನೆ. ನಾವು ಎರೆ ಮಣ್ಣಿನಲ್ಲಿ ಒಳಚರಂಡಿ ಪೈಪ್ ಹಾಕುತ್ತಿದ್ದೆವು. ಆರೇ ಅಡಿ ಆಳ, ಎರಡೂವರೆ ಅಡಿ ಅಗಲ. ಅಗೆದ ಮಣ್ಣೆಲ್ಲ ಅಂಚಿಗೇ ಗುಡ್ಡೆ ಹಾಕಿದ್ದರು. ಬಗ್ಗಿ ಪೈಪ್ ಜೋಡಿಸುತ್ತಿದ್ದ ಹುಡುಗನ ಮೇಲೆ ಒಂದು ಕಡೆ ಕುಸಿಯಿತು. ಎದೆಯವರೆಗೆ ಮಾತ್ರ ಮುಚ್ಚಿತ್ತು, ತಲೆ ಹೊರಗಿತ್ತು. ಆದರೂ ಉಸಿರಾಡಲು ಆಗಲಿಲ್ಲ. ಮಣ್ಣು ಎದೆಯನ್ನು ಉಬ್ಬಲು ಬಿಡುವುದಿಲ್ಲ. ಅವನನ್ನು ಕಳೆದುಕೊಂಡೆವು. ಒಂದು ಘನ ಮೀಟರ್ ಮಣ್ಣು ಸುಮಾರು 1.8 ಟನ್ ಅಂತ ನನಗೆ ತಿಳಿದದ್ದು ಆಮೇಲೆ.

ಈಗ ನಾನು ಐದಡಿ ದಾಟಿದರೆ ಎರಡೂ ಬದಿಗೆ ಹಲಗೆ, ನಡುವೆ ಜಾಕ್ ಇಲ್ಲದೆ ಯಾರನ್ನೂ ಇಳಿಸುವುದಿಲ್ಲ. ಏಣಿ ಕೆಲಸದ ಪಕ್ಕದಲ್ಲೇ ಇರಬೇಕು. ಕುಸಿದರೆ ಯಾರೂ ಹಾರಬಾರದು, ಎರಡನೇ ಬದಿಯೂ ಬೀಳುತ್ತದೆ. ಸಿಕ್ಕಿಕೊಂಡವನ ಹತ್ತಿರ ಜೆಸಿಬಿ ಬಕೆಟ್ ಹಾಕಬಾರದು, ಹಗ್ಗ ಕಟ್ಟಿ ಎಳೆಯಲೂಬಾರದು. ಫೈರ್ ಸ್ಟೇಷನ್ನಿಗೆ ಫೋನ್ ಮಾಡಿ, ಬದಿಗೆ ಆಸರೆ ಕೊಟ್ಟ ಮೇಲೆ ಕೈಯಿಂದಲೇ ಬಿಡಿಸಬೇಕು.

ಅಡಿಪಾಯ: ನಿಮ್ಮ ಮಾತು ಇಲ್ಲಿಗೂ ಸಲ್ಲುತ್ತದೆ ಅಣ್ಣಾ. ಅಗೆಯುವ ಕೆಲಸದ ಸುರಕ್ಷತೆಗೆ ಇರುವ ಭಾರತೀಯ ಮಾನದಂಡ ಐಎಸ್ 3764 ಹೇಳುವುದೂ ಅದನ್ನೇ. 1.5 ಮೀಟರ್ ದಾಟಿದರೆ ಆಸರೆ ಕೊಡಬೇಕು, ತೆಗೆದ ಮಣ್ಣು ಅಂಚಿನಿಂದ ಕನಿಷ್ಠ 1.5 ಮೀಟರ್ ಅಥವಾ ಆಳದ ಅರ್ಧದಷ್ಟು, ಯಾವುದು ಜಾಸ್ತಿಯೋ ಅಷ್ಟು ದೂರ ಇರಬೇಕು.

ಸೈಟ್ 4060: ಹಾಗಾದರೆ ಇಳಿಜಾರಾಗಿ ಅಗೆದರೆ?

ಅಡಿಪಾಯ: ಒಂದಕ್ಕೆ ಒಂದು ಇಳಿಜಾರು ಅಂದರೆ 12 ಅಡಿ ಆಳಕ್ಕೆ ಪ್ರತಿ ಬದಿಯಲ್ಲಿ 12 ಅಡಿ ಹೋಗುತ್ತದೆ. 40 ಅಡಿಯಲ್ಲಿ ತಳಕ್ಕೆ ಉಳಿಯುವುದು 16. ಇಷ್ಟಕ್ಕೇ ಬೇಸ್‌ಮೆಂಟ್ ಆಗುವುದಿಲ್ಲ. ಆದರೆ ಅದನ್ನು ಮೊದಲ ಹಂತವಾಗಿ ಬಳಸಬಹುದು.

ಎಡಗಡೆಯ ಇಳಿಜಾರು ಹಾಗೇ ಇರಲಿ. ನಡುವೆ ಮಾತ್ರ 12 ಅಡಿಗೆ ಇಳಿದು ಅಲ್ಲಿಯ ರಾಫ್ಟ್, ಅಂದರೆ ತಳಕ್ಕೆಲ್ಲ ಹಾಸುವ ಕಾಂಕ್ರೀಟ್ ಪಾಯ, ಹಾಕಿ. ಆಮೇಲೆ ಇಳಿಜಾರನ್ನು ಒಟ್ಟಿಗೆ ತೆಗೆಯಬೇಡಿ, ಐದೈದು ಅಡಿ ಅಗಲದ ತುಂಡುಗಳಾಗಿ ತೆಗೆಯಿರಿ. ಮೊದಲು 1, 4, 7ನೇ ತುಂಡು. ಅಲ್ಲಿ ಹಲಗೆ ಇಟ್ಟು, ನಡುವಿನ ರಾಫ್ಟ್‌ಗೆ ಕಂಬ ಒತ್ತಿ, ಗೋಡೆ ಕಾಂಕ್ರೀಟ್ ಹಾಕಿ. ಅದು ಗಟ್ಟಿಯಾದ ಮೇಲೆ 2, 5, 8. ಕೊನೆಗೆ 3, 6, 9. ಯಾವಾಗಲೂ ಎರಡು ತುಂಡು ಮಣ್ಣು ಅಥವಾ ಗೋಡೆ ಪಕ್ಕದಲ್ಲಿ ಆಧಾರವಾಗಿ ಇರುತ್ತದೆ. ಬೇಸ್‌ಮೆಂಟಿನ ಮೇಲೆ ಬರುವ ನೆಲಮಟ್ಟದ ಸ್ಲ್ಯಾಬ್ ಹಾಕಿ ಗಟ್ಟಿಯಾಗುವವರೆಗೆ ಕಂಬ ತೆಗೆಯಬಾರದು. ತುಂಡಿನ ಅಗಲ, ಕಂಬದ ಸೈಜು ನಿಮ್ಮ ಮಣ್ಣು ಪರೀಕ್ಷೆ ನೋಡಿ ಸ್ಟ್ರಕ್ಚರಲ್ ಎಂಜಿನಿಯರ್ ಬರೆದು ಕೊಡಬೇಕು.

ಗೌಡ ಜೆಸಿಬಿ: ಇದರಲ್ಲಿ ಗೋಡೆ ಮಣ್ಣಿಗೆ ಅಂಟಿಕೊಂಡೇ ಬರುತ್ತದೆ ಮೇಡಂ. ಹೊರಗಿನಿಂದ ವಾಟರ್‌ಪ್ರೂಫಿಂಗ್ ಹಚ್ಚುವುದು ಹೇಗೆ? ಪ್ರತಿ ಐದಡಿಗೆ ಒಂದು ಜಾಯಿಂಟ್, ಅಲ್ಲೆಲ್ಲ ಸೋರುತ್ತದೆ. ಇದಕ್ಕಿಂತ ಕಬ್ಬಿಣದ ಐ ಸೆಕ್ಷನ್ ನಾಲ್ಕೈದು ಅಡಿಗೊಂದು ಇಳಿಸಿ, ಅಗೆಯುತ್ತಾ ನಡುವೆ ಹಲಗೆ ತೂರಿಸುತ್ತಾ ಹೋಗುವುದು ವಾಸಿ. ಒಂದು ಕೆಲಸದಲ್ಲಿ ನಾನೇ ಮಣ್ಣು ತೆಗೆದಿದ್ದೇನೆ.

ಅಡಿಪಾಯ: ನಿಮ್ಮ ಆಕ್ಷೇಪ ಸರಿ. ಜಾಯಿಂಟಿಗೆ ನೀರು ತಡೆಯುವ ಪಟ್ಟಿ, ವಾಟರ್ ಬಾರ್, ಇಟ್ಟರೂ ಇದರಲ್ಲಿ ಸೋರಿಕೆಯ ಅಪಾಯ ಜಾಸ್ತಿ. ಒಂದು ಲಾಭ ಇದೆ: ಹೊರಗಿನ 2 ಅಡಿ ಬೇಡವಾದ್ದರಿಂದ ಅಂಚು ಪಾಯದಿಂದ 5 ಅಡಿಗೆ ಸರಿಯುತ್ತದೆ. ಐ ಸೆಕ್ಷನ್ ಒಳ್ಳೆಯದೇ, ಆದರೆ ಹೊಡೆದು ಇಳಿಸಿದರೆ ಆ ಹಳೇ ಮನೆ ನಡುಗುತ್ತದೆ. ಮೊದಲು ಕೊರೆದು ಇಳಿಸಬೇಕು. ಕೊರೆಯುವ ರಿಗ್ ನಿಲ್ಲಲು ಈ ಸೈಟಿನಲ್ಲಿ ಜಾಗ ಇದೆಯಾ ಅಂತ ನೋಡದೆ ನಾನು ಹೇಳಲಾರೆ.

ಸೈಟ್ 4060: ನೀರಿಗೆ ಏನು ಮಾಡಲಿ? ಪಂಪ್ ಹಾಕಿ ತೆಗೆಯುತ್ತಲೇ ಇದ್ದೇನೆ, ಕೆಂಪಗೆ ಬರುತ್ತಿದೆ.

ಅಡಿಪಾಯ: ಆ ಕೆಂಪೇ ನನಗೆ ಚಿಂತೆ. ಪೈಪಿನ ತುದಿಯಿಂದ ಒಂದು ಬಾಟಲಿ ನೀರು ಹಿಡಿದು ರಾತ್ರಿಯಿಡೀ ಇಡಿ. ತಳದಲ್ಲಿ ದಿನವೂ ಬೆರಳು ದಪ್ಪ ಕೆಸರು ಕೂತರೆ, ನೀವು ಪಕ್ಕದ ಮನೆಯ ಕೆಳಗಿನ ಮಣ್ಣನ್ನೇ ಪಂಪ್ ಮಾಡುತ್ತಿರಬಹುದು. ಎಡಗಡೆಯಿಂದ ದೂರದ ಮೂಲೆಯಲ್ಲಿ, ತಳಕ್ಕಿಂತ ಎರಡು ಮೂರು ಅಡಿ ಆಳಕ್ಕೆ ಗುಂಡಿ ಮಾಡಿ. ತೂತು ಕೊರೆದ ಡ್ರಮ್ ಇಳಿಸಿ, ಸುತ್ತ ಜಿಯೋಟೆಕ್ಸ್‌ಟೈಲ್ ಬಟ್ಟೆ, ಸಣ್ಣ ಜಲ್ಲಿ ತುಂಬಿ, ಪಂಪ್ ಅದರೊಳಗಿಡಿ. ನೀರು ತಿಳಿಯಾಗಿ ಬರಬೇಕು. ಮಳೆ ಇಲ್ಲದ ವಾರದಲ್ಲೂ ಎಡಗಡೆಯಿಂದಲೇ ಜಿನುಗಿದರೆ, ಅವರ ಸಂಪು ಅಥವಾ ಚರಂಡಿ ಪೈಪು ಸೋರುತ್ತಿದೆಯಾ ಅಂತ ಮೊದಲು ನೋಡಿ.

ರಾಫ್ಟ್ ಹಾಕಿದ ಕೂಡಲೇ ಪಂಪ್ ನಿಲ್ಲಿಸಬೇಡಿ. ನೀರು 9 ಅಡಿಯಲ್ಲಿ, ರಾಫ್ಟಿನ ಬುಡ 12ರಲ್ಲಿ. ಮೂರು ಅಡಿ ನೀರು ಪ್ರತಿ ಚದರಡಿಗೆ ಸುಮಾರು 85 ಕೆಜಿ ಮೇಲಕ್ಕೆ ಒತ್ತುತ್ತದೆ. ಒಂದಡಿ ದಪ್ಪದ ರಾಫ್ಟಿನ ತೂಕ ಸುಮಾರು 70 ಕೆಜಿ. ಮೇಲಿನ ಗೋಡೆ, ಸ್ಲ್ಯಾಬಿನ ಭಾರ ಬರುವ ಮುಂಚೆ ಪಂಪ್ ನಿಂತರೆ ರಾಫ್ಟ್ ಎದ್ದು ಬಿರಿಯಬಹುದು. ಕರೆಂಟ್ ಹೋದರೆ ಅಂತ ಡೀಸೆಲ್ ಪಂಪ್ ಒಂದು ಇರಲಿ.

ಗೌಡ ಜೆಸಿಬಿ: ಇದು ನನಗೆ ಗೊತ್ತಿರಲಿಲ್ಲ. ಕಾಂಕ್ರೀಟ್ ಬಿದ್ದ ಮೇಲೆ ನೀರಿನ ಕಥೆ ಮುಗಿಯಿತು ಅಂದುಕೊಂಡಿದ್ದೆ.

ಸೈಟ್ 4060: ಮೂರು ದಿನವಾಯಿತು. ಪ್ಲಾಸ್ಟರ್ ಬಿರಿದಿಲ್ಲ. ಬಾಟಲಿಯಲ್ಲಿ ಕೆಸರು ಅರ್ಧ ಬೆರಳು ಇದೆ, ಡ್ರಮ್ ಇವತ್ತು ಇಳಿಸುತ್ತಿದ್ದೇವೆ. ಮಣ್ಣು ಪರೀಕ್ಷೆಯವರು ಸೋಮವಾರ ಬರುತ್ತಾರೆ. ಪಾಯ ನೋಡಲು ಗುಂಡಿ ತೆಗೆಯುತ್ತೇನೆ ಅಂದರೆ ಪಕ್ಕದ ಮನೆಯ ಯಜಮಾನರು ಒಪ್ಪುತ್ತಿಲ್ಲ. "ಅಗೆದು ಹಾಳು ಮಾಡಿದ್ದು ಸಾಲದಾ" ಅನ್ನುತ್ತಾರೆ. ಅವರ ಕೋಪ ನ್ಯಾಯವೇ.

ಅಡಿಪಾಯ: ಒಪ್ಪುವವರೆಗೆ ಪಾಯ 3 ಅಡಿ ಮಾತ್ರ ಇದೆ ಅಂತಲೇ ಲೆಕ್ಕ ಹಾಕಿಸಿ. ಅವರ ಮನೆಯ ಒಳಗೋಡೆಗಳ ಫೋಟೋ ಇಬ್ಬರೂ ಸೇರಿ ತೆಗೆಯೋಣ ಅಂತ ಮೊದಲು ಕೇಳಿ ನೋಡಿ, ಗುಂಡಿಯ ಮಾತು ಆಮೇಲೆ.