ಪದಚರ್ಚೆ: ಕಾದಂಬರಿಯನ್ನು ಚಿತ್ರವಾಗಿಸುವ ಕರಾರಿನ 'ಆಪ್ಷನ್' ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಶಾರದಾ, ಮಡಿಕೇರಿ:

ಮಾನ್ಯರೇ, ನಮ್ಮೂರಿನ ಹಿರಿಯ ಕಾದಂಬರಿಕಾರ್ತಿಯೊಬ್ಬರಿಗೆ ಬೆಂಗಳೂರಿನ ನಿರ್ಮಾಪಕರೊಬ್ಬರು ಇಂಗ್ಲಿಷಿನ ಕರಾರು ಕಳುಹಿಸಿದ್ದಾರೆ. ಕನ್ನಡದಲ್ಲಿ ಓದಿ ಮನದಟ್ಟಾದ ಮೇಲೆಯೇ ಸಹಿ ಹಾಕುವೆನೆಂದು ಅವರು ಹಟ ಹಿಡಿದಿರುವುದರಿಂದ ಅನುವಾದದ ಹೊಣೆ ನನಗೆ ಬಂದಿದೆ. ಗುರುವಾರದೊಳಗೆ ಮುಗಿಸಬೇಕು.

ತೊಡಕಾಗಿರುವುದು ತಲೆಬರಹದಲ್ಲಿರುವ 'ಆಪ್ಷನ್' ಎಂಬ ಮಾತು. ನಿರ್ಮಾಪಕರು ಈಗ 40,000 ರೂಪಾಯಿ ಕೊಡುತ್ತಾರೆ. 18 ತಿಂಗಳೊಳಗೆ ಅವರಿಗೆ ಬೇಕೆನಿಸಿದರೆ ಒಟ್ಟು 6 ಲಕ್ಷಕ್ಕೆ ಹಕ್ಕನ್ನು ಕೊಳ್ಳಬಹುದು, ಬೇಡವೆನಿಸಿದರೆ ಬಿಡಬಹುದು. ಅಲ್ಲಿಯವರೆಗೆ ಲೇಖಕಿ ಅದನ್ನು ಬೇರೆ ಯಾರಿಗೂ ಕೊಡುವಂತಿಲ್ಲ. ಇದಕ್ಕೆ 'ಕಾದಿರಿಸುವಿಕೆ' ಎಂದೂ, ಮುಂದೆ ಬರುವ 'ಅಡಾಪ್ಟೇಷನ್' ಹಕ್ಕುಗಳಿಗೆ 'ರೂಪಾಂತರದ ಸಮಸ್ತ ಹಕ್ಕುಗಳು' ಎಂದೂ ಬರೆದುಕೊಂಡಿದ್ದೇನೆ. ಸರಿಯೇ? ಇದೇ ಕಾದಂಬರಿಯನ್ನು ಕೊಡವ ತಕ್ಕ್‌ನಲ್ಲಿ ನಾಟಕವಾಗಿ ಆಡಲು ವಿರಾಜಪೇಟೆಯ ಹವ್ಯಾಸಿ ತಂಡವೊಂದು ಅನುಮತಿ ಕೇಳಿದ್ದು, ಲೇಖಕಿಯವರಿಗೆ ಅದರ ಮೇಲೆಯೇ ಹೆಚ್ಚು ಮನಸ್ಸಿದೆ.

ನಂಜಪ್ಪ, ಸೋಮವಾರಪೇಟೆ:

ಇದಕ್ಕೆ ಹೊಸ ಪದವನ್ನು ಕಟ್ಟುವ ಅಗತ್ಯವೇ ಇಲ್ಲ. 'ಸಂಚಕಾರ' ಎಂಬ ಪದ ನಮ್ಮಲ್ಲಿ ಹಿಂದಿನಿಂದಲೂ ಇದೆ. ಸಂಸ್ಕೃತದ 'ಸತ್ಯಂಕಾರ' ಕನ್ನಡದ ಬಾಯಿಯಲ್ಲಿ ಸವೆದು ಆದ ತದ್ಭವವಿದು. ಕೊಳ್ಳುವವನು ಮಾತಿಗೆ ತಪ್ಪುವುದಿಲ್ಲವೆಂದು ಮೊದಲೇ ಕೊಡುವ ಹಣ ಎಂಬುದೇ ಇದರ ಅರ್ಥ. ಇಂಥ ಪದವನ್ನು ಬಳಕೆಯಿಂದ ಬಿಟ್ಟು 'ಕಾದಿರಿಸುವಿಕೆ'ಯಂಥ ಜೋಡಣೆಗಳನ್ನು ತರುವುದು ಭಾಷೆಯ ಮೇಲಿನ ಅಸಡ್ಡೆಯೇ ಸರಿ.

ಬೋಪಯ್ಯ, ವಿರಾಜಪೇಟೆ:

ಮಾಸ್ತರರೇ, 'ಪ್ರಾಣಕ್ಕೆ ಸಂಚಕಾರ' ಎಂಬ ಮಾತನ್ನು ಬಿಟ್ಟು ಬೇರೆಡೆ ಆ ಪದವನ್ನು ಕೇಳಿದವರು ಈಗ ಎಷ್ಟು ಮಂದಿ ಇದ್ದಾರೆ? 'ಸಂಚಕಾರ ಪತ್ರ' ಎಂಬ ತಲೆಬರಹ ಕಂಡರೆ ಆ ತಾಯಿ ಸಹಿ ಹಾಕಲಾರರು. ತೋಟದವರ ಭಾಷೆಯಲ್ಲಿ ಇದು ಗುತ್ತಿಗೆ. ಬಳ್ಳಿಯ ಮೇಲಿರುವ ಮೆಣಸನ್ನು ಒಂದು ಫಸಲಿಗೆ ಗುತ್ತಿಗೆ ಕೊಟ್ಟರೆ ಬಳ್ಳಿಯೂ ನಮ್ಮದೇ, ಮರವೂ ನಮ್ಮದೇ. ಕೊಯ್ಯುವ ಹಕ್ಕು ಮಾತ್ರ ಅವನದು. 'ಚಿತ್ರದ ಗುತ್ತಿಗೆ' ಎಂದು ಬರೆದರೆ ಎಲ್ಲರಿಗೂ ತಿಳಿಯುತ್ತದೆ.

ಲಲಿತಾ, ಕುಶಾಲನಗರ:

ಕೃತಿಸ್ವಾಮ್ಯದ ಕರಾರುಗಳನ್ನು ನೋಡುವ ವಕೀಲೆಯಾಗಿ ಬರೆಯುತ್ತಿದ್ದೇನೆ. ಇಬ್ಬರ ಸಲಹೆಯೂ ಈ ಕರಾರಿಗೆ ಹೊಂದುವುದಿಲ್ಲ.

ಸಂಚಕಾರವಾಗಲಿ ಮುಂಗಡವಾಗಲಿ ವ್ಯಾಪಾರ ಕುದುರಿದ ಮೇಲೆ ಕೊಡುವ ಹಣ. ಅಲ್ಲಿ ಕೊಡುವವನೂ ಕೊಳ್ಳುವವನೂ ಇಬ್ಬರೂ ಮಾತಿಗೆ ಕಟ್ಟುಬಿದ್ದಿರುತ್ತಾರೆ. ಇಲ್ಲಿ ಕಟ್ಟುಬೀಳುವವರು ಲೇಖಕಿ ಮಾತ್ರ. ನಿರ್ಮಾಪಕರು ಕೊಳ್ಳಲೇಬೇಕೆಂದಿಲ್ಲ, ಕೊಳ್ಳದಿದ್ದರೆ 40,000 ರೂಪಾಯಿಯನ್ನು ಹಿಂದಕ್ಕೆ ಕೇಳುವಂತೆಯೂ ಇಲ್ಲ, ಏಕೆಂದರೆ ಅದು ಲೇಖಕಿ 18 ತಿಂಗಳು ಬೇರೆಯವರಿಗೆ ಬಾಗಿಲು ಮುಚ್ಚಿದ್ದಕ್ಕೆ ಸಿಗುವ ಬೆಲೆ. 'ಮುಂಗಡ' ಎಂದು ಬರೆದುಬಿಟ್ಟರೆ ನಾಳೆ ಚಿತ್ರ ನಿಂತಾಗ 'ಮುಂಗಡ ವಾಪಸು ಕೊಡಿ' ಎನ್ನುವುದಕ್ಕೆ ದಾರಿಯಾಗುತ್ತದೆ. ಬೋಪಯ್ಯನವರು ಹೇಳಿದ ಗುತ್ತಿಗೆಯ ಹೋಲಿಕೆ ಪರವಾನಗಿಗೆ ಚೆನ್ನಾಗಿ ಒಪ್ಪುತ್ತದೆ, ಆದರೆ ಗುತ್ತಿಗೆದಾರ ಅಂದಿನಿಂದಲೇ ಕೊಯ್ಯಬಹುದು. ಇಲ್ಲಿ ನಿರ್ಮಾಪಕರಿಗೆ ಇನ್ನೂ ಕೊಯ್ಯುವ ಹಕ್ಕೇ ಹುಟ್ಟಿಲ್ಲ.

'ಕಾದಿರಿಸುವಿಕೆ'ಯಲ್ಲಿ ಇನ್ನೊಂದು ಅಪಾಯವಿದೆ. ಪುಸ್ತಕಗಳ ಒಳಪುಟದಲ್ಲಿ 'ಎಲ್ಲ ಹಕ್ಕುಗಳನ್ನು ಕಾದಿರಿಸಲಾಗಿದೆ' ಎಂದು ಅಚ್ಚಾಗುವುದು ಲೇಖಕರು ತಮಗಾಗಿ ಇಟ್ಟುಕೊಂಡ ಹಕ್ಕಿನ ಬಗ್ಗೆ. ಅದೇ ಪದ ಈ ಕರಾರಿನಲ್ಲಿ ಒಂದು ಕಡೆ ನಿರ್ಮಾಪಕರ ಪರವಾಗಿಯೂ ಇನ್ನೊಂದು ಕಡೆ ಲೇಖಕಿಯ ಪರವಾಗಿಯೂ ಬಂದರೆ ಜಗಳ ಖಂಡಿತ. ಆದ್ದರಿಂದ ಮೊದಲನೆಯದನ್ನು 'ಕೊಳ್ಳುವ ಆಯ್ಕೆ' ಎಂದೂ ಎರಡನೆಯದನ್ನು 'ಲೇಖಕಿ ಉಳಿಸಿಕೊಂಡ ಹಕ್ಕುಗಳು' ಎಂದೂ ಬರೆಯಿರಿ.

ಇವೆಲ್ಲಕ್ಕಿಂತ ಗಂಭೀರವಾದದ್ದು 'ರೂಪಾಂತರದ ಸಮಸ್ತ ಹಕ್ಕುಗಳು'. 1957ರ ಕೃತಿಸ್ವಾಮ್ಯ ಅಧಿನಿಯಮದ 14ನೇ ಪ್ರಕರಣದಲ್ಲಿ ಚಲನಚಿತ್ರ ಮಾಡುವ ಹಕ್ಕು ಒಂದು, ಭಾಷಾಂತರದ ಹಕ್ಕು ಇನ್ನೊಂದು, ರೂಪಾಂತರದ ಹಕ್ಕು ಮತ್ತೊಂದು. ಸಾಹಿತ್ಯ ಕೃತಿಯನ್ನು ನಾಟಕವಾಗಿಸುವುದೇ ರೂಪಾಂತರವೆಂದು 2ನೇ ಪ್ರಕರಣದ ವ್ಯಾಖ್ಯೆ ಹೇಳುತ್ತದೆ. ಕಥೆಯನ್ನು ಪುಸ್ತಕ, ಪತ್ರಿಕೆಗಳಲ್ಲಿ ಅಚ್ಚಾಗುವ ಚಿತ್ರಗಳ ಮೂಲಕ ಹೇಳುವುದು ಮೊದಲಾದವೂ ಅದರೊಳಗೆ ಬರುತ್ತವೆ. ನಾವು ಮಾತಿನಲ್ಲಿ ಚಲನಚಿತ್ರವನ್ನೂ 'ರೂಪಾಂತರ' ಎನ್ನುತ್ತೇವೆ, ಅದು ಬೇರೆ. ಕರಾರಿನಲ್ಲಿ ಹಾಗೆ ಬರೆದರೆ ಚಿತ್ರಕ್ಕೆಂದು ಸಹಿ ಹಾಕಿದ ಲೇಖಕಿ ವಿರಾಜಪೇಟೆಯ ನಾಟಕವನ್ನೂ ಜೊತೆಗೇ ಕೊಟ್ಟಂತಾಗುತ್ತದೆ. 'ಈ ಕಾದಂಬರಿಯನ್ನು ಆಧರಿಸಿ ಒಂದು ಕನ್ನಡ ಚಲನಚಿತ್ರವನ್ನು ನಿರ್ಮಿಸುವ ಹಕ್ಕು' ಎಂದು ಬಿಡಿಸಿ ಬರೆಯಿರಿ.

ಶಾರದಾ ಅವರೇ, ಕರಾರಿನಲ್ಲಿ ಹಕ್ಕು ಕೊಡುವ ವಾಕ್ಯದ ಕ್ರಿಯಾಪದ ಯಾವುದೆಂದು ದಯವಿಟ್ಟು ತಿಳಿಸಿ.

ಗಣಪತಿ, ಗೋಣಿಕೊಪ್ಪ:

ಇದೇ ಸಂಕಟವನ್ನು ನಾನು ಅನುಭವಿಸಿದ್ದೇನೆ. ಕಾದಂಬರಿಯೊಂದನ್ನು ಲೇಖಕರು ಬಾಯಿಮಾತಿನಲ್ಲಿ ಕೊಟ್ಟ ಒಪ್ಪಿಗೆಯ ಮೇಲೆ ನಾಟಕವಾಗಿಸಿ ಆಡಿಸಿದ್ದೆ. ಆಮೇಲೆ ಅವರು ಚಿತ್ರದವರಿಗೆ ಹಕ್ಕು ಕೊಟ್ಟರು, ಆ ಕಂಪನಿಯಿಂದ ನನಗೆ ನೋಟಿಸು ಬಂತು, ಪ್ರದರ್ಶನ ನಿಂತಿತು. ರಂಗರೂಪವನ್ನು ಬರೆದವನು ನಾನೇ ಆಗಿರುವಾಗ ಅದರ ಹಕ್ಕು ನನ್ನದಲ್ಲವೇ?

ಲಲಿತಾ, ಕುಶಾಲನಗರ:

ಗಣಪತಿಯವರೇ, ನೀವು ಬರೆದ ಸಂಭಾಷಣೆ ನಿಮ್ಮದೇ, ಅದನ್ನು ಚಿತ್ರದವರೂ ಎತ್ತಿಕೊಳ್ಳುವಂತಿಲ್ಲ. ಆದರೆ ಅದರ ಬುನಾದಿ ಕಾದಂಬರಿ. ಅದರ ನಾಟಕದ ಹಕ್ಕು ಯಾರ ಕೈಯಲ್ಲಿದೆಯೋ ಅವರ ಅನುಮತಿಯಿಲ್ಲದೆ ಆಡಿಸಲಾಗದು. ಪರವಾನಗಿ ಬರಹದಲ್ಲಿರಬೇಕೆಂದು 30ನೇ ಪ್ರಕರಣ ಹೇಳುವುದರಿಂದ ಬಾಯಿಮಾತು ನಿಮ್ಮ ಕೈಹಿಡಿಯಲಿಲ್ಲ. ವಿರಾಜಪೇಟೆಯವರು ಭಾಷಾಂತರ, ನಾಟಕರೂಪ, ಸಾರ್ವಜನಿಕ ಪ್ರದರ್ಶನ ಈ ಮೂರಕ್ಕೂ ಈಗಲೇ ಒಂದು ಪತ್ರ ಬರೆಸಿಕೊಳ್ಳಲಿ.

ಶಾರದಾ, ಮಡಿಕೇರಿ:

ನೀವು ಕೇಳಿದ ವಾಕ್ಯವನ್ನು ಇದ್ದಂತೆಯೇ ಕನ್ನಡಕ್ಕೆ ತಂದರೆ ಹೀಗಾಗುತ್ತದೆ: 'ಆಯ್ಕೆಯ ಹಣ ಸಂದ ಕೂಡಲೇ ಲೇಖಕಿಯು ಕೃತಿಯ ರೂಪಾಂತರದ ಸಮಸ್ತ ಹಕ್ಕುಗಳನ್ನು ಈ ಮೂಲಕ ಜಗತ್ತಿನಾದ್ಯಂತ ಶಾಶ್ವತವಾಗಿ ನಿರ್ಮಾಪಕರಿಗೆ ಹಸ್ತಾಂತರಿಸಿದ್ದಾರೆ.' ಕೊನೆಯ ಪುಟದಲ್ಲಿ '19(4)ನೇ ಉಪಪ್ರಕರಣ ಈ ಕರಾರಿಗೆ ಅನ್ವಯಿಸುವುದಿಲ್ಲ' ಎಂಬ ಸಾಲೂ ಇದೆ.

ಲಲಿತಾ, ಕುಶಾಲನಗರ:

ನಾನು ಅಂಜಿದ್ದು ಇದಕ್ಕೇ. ತಲೆಬರಹ ಆಯ್ಕೆ, ಒಳಗಿರುವುದು ಹಸ್ತಾಂತರ. 'ಈ ಮೂಲಕ' ಎಂಬ ಮಾತು ಇರುವಲ್ಲಿ ಹಕ್ಕು ಅದೇ ಗಳಿಗೆಯಲ್ಲಿ ಕೈಬಿಡುತ್ತದೆ. ಉಳಿದ 5,60,000 ರೂಪಾಯಿ ಬರಲಿ ಬಿಡಲಿ, 40,000ಕ್ಕೆ ಕಾದಂಬರಿಯ ನಾಟಕ, ಚಿತ್ರ, ಎಲ್ಲವೂ ಹೋದವು. ಅದು 'ಆಯ್ಕೆಯನ್ನು ಲಿಖಿತವಾಗಿ ಚಲಾಯಿಸಿ ಪೂರ್ತಿ ಹಣವನ್ನು ಸಂದಾಯ ಮಾಡಿದ ಮೇಲೆ ಮಾತ್ರ ಹಕ್ಕು ನಿರ್ಮಾಪಕರಿಗೆ ಸೇರುತ್ತದೆ' ಎಂದಾಗಬೇಕು. ಇದು ಅನುವಾದದ ತಿದ್ದುಪಡಿಯಲ್ಲ. ಮೂಲ ಕರಾರನ್ನೇ ತಿದ್ದಿಸಿ.

19(4) ಹೇಳುವುದು ಇಷ್ಟು: ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ, ಹಸ್ತಾಂತರ ತಾನಾಗಿ ಬಿದ್ದುಹೋಗುತ್ತದೆ. ಚಿತ್ರಕ್ಕೆ ಒಂದು ವರ್ಷ ಸಾಲದೆಂಬ ನಿರ್ಮಾಪಕರ ಮಾತಿನಲ್ಲಿ ನ್ಯಾಯವಿದೆ. ಆದರೆ ಅದನ್ನು ಸುಮ್ಮನೆ ಅಳಿಸಿದರೆ ಕಾದಂಬರಿ ಎಂದೆಂದಿಗೂ ಕಪಾಟಿನಲ್ಲೇ ಉಳಿಯಬಹುದು. ಅದರ ಜಾಗದಲ್ಲಿ 'ಹಕ್ಕು ಕೊಂಡ ಮೂರು ವರ್ಷಗಳೊಳಗೆ ಚಿತ್ರೀಕರಣ ಆರಂಭವಾಗದಿದ್ದರೆ ಹಕ್ಕು ಲೇಖಕಿಗೆ ಮರಳುತ್ತದೆ' ಎಂದು ಹಾಕಿಸಿ. ಇಲ್ಲಿ 'ಮರಳು' ಸರಿ. ಆಯ್ಕೆಯನ್ನು ಚಲಾಯಿಸದೆ 18 ತಿಂಗಳು ಕಳೆದರೆ ಮಾತ್ರ 'ಮರಳುತ್ತದೆ' ಎನ್ನಬೇಡಿ. ಹೋಗದ ಹಕ್ಕು ಮರಳುವುದು ಹೇಗೆ? 'ಆಯ್ಕೆ ಮುಗಿಯುತ್ತದೆ' ಎಂದರೆ ಸಾಕು.

ನಂಜಪ್ಪ, ಸೋಮವಾರಪೇಟೆ:

'ಚಲಾಯಿಸು' ಎಂಬುದು ಸಲ್ಲದು. ನಾಣ್ಯವನ್ನು, ಬಂಡಿಯನ್ನು ಚಲಾಯಿಸುತ್ತಾರೆ. ಆಯ್ಕೆಯನ್ನು ಚಲಾಯಿಸುವುದು ಇಂಗ್ಲಿಷಿನ ನೆರಳು.

ಬೋಪಯ್ಯ, ವಿರಾಜಪೇಟೆ:

ಮತವನ್ನೂ ಅಧಿಕಾರವನ್ನೂ ಚಲಾಯಿಸುತ್ತಲೇ ಇದ್ದೇವಲ್ಲ, ಮಾಸ್ತರರೇ. ನನ್ನನ್ನು ಕೇಳಿದರೆ 'ಆಪ್ಷನ್' ಎಂದೇ ಬಿಟ್ಟುಬಿಡಿ. ಎಸ್ಟೇಟು, ಬಾಂಡು, ಅಡ್ವಾನ್ಸು ಎಲ್ಲವನ್ನೂ ಅರಗಿಸಿಕೊಂಡ ಭಾಷೆಗೆ ಇದೊಂದು ಭಾರವಾಗದು.

ನಂಜಪ್ಪ, ಸೋಮವಾರಪೇಟೆ:

ಅರಗಿಸಿಕೊಂಡದ್ದು ಬೇರೆ, ಹೇರಿಸಿಕೊಂಡದ್ದು ಬೇರೆ. ಪದ ತಿಳಿಯದೆ ಸಹಿ ಹಾಕುವ ಲೇಖಕರಿಗೆ ಆಗುವ ನಷ್ಟವನ್ನು ಈಗಷ್ಟೇ ಕಂಡಿರಿ. 'ಆಯ್' ಅಚ್ಚಗನ್ನಡದ ಧಾತು, ಆದ್ದರಿಂದ 'ಕೊಳ್ಳುವ ಆಯ್ಕೆ'ಯನ್ನು ಒಪ್ಪುತ್ತೇನೆ. ಉಳಿದದ್ದನ್ನು ಒಪ್ಪುವುದಿಲ್ಲ.

ಗಣಪತಿ, ಗೋಣಿಕೊಪ್ಪ:

ಕಥೆಯ ಕೊನೆಯನ್ನೇ ಬದಲಿಸಿದರೆ ಲೇಖಕರು ತಡೆಯಬಹುದೇ? ಕರಾರಿನಲ್ಲಿ 'ಬೇಕಾದ ಬದಲಾವಣೆ ಮಾಡಬಹುದು' ಎಂದು ಇದ್ದೇ ಇರುತ್ತದೆ.

ಲಲಿತಾ, ಕುಶಾಲನಗರ:

ಹಕ್ಕು ಮಾರಿದ ಮೇಲೂ ಲೇಖಕರಲ್ಲಿ ಉಳಿಯುವ ವಿಶೇಷ ಹಕ್ಕನ್ನು 57ನೇ ಪ್ರಕರಣ ಹೇಳುತ್ತದೆ: ಕೃತಿ ತಮ್ಮದೆಂದು ಹೇಳಿಕೊಳ್ಳುವುದು, ತಮ್ಮ ಗೌರವಕ್ಕೆ ಕುಂದು ತರುವಂಥ ವಿರೂಪವನ್ನು ತಡೆಯುವುದು. ಮನ್ನೂ ಭಂಡಾರಿಯವರ 'ಆಪ್ ಕಾ ಬಂಟಿ' ಕಾದಂಬರಿ ಚಿತ್ರವಾದಾಗ ಅವರು ನ್ಯಾಯಾಲಯಕ್ಕೆ ಹೋದರು. ಕರಾರಿನಲ್ಲಿ ಬದಲಾವಣೆಗೆ ಅವಕಾಶವಿದ್ದರೂ ಅದು ಕೃತಿಯನ್ನು ವಿರೂಪಗೊಳಿಸುವಷ್ಟು ದೂರ ಹೋಗಲಾಗದೆಂದು ದೆಹಲಿ ಉಚ್ಚ ನ್ಯಾಯಾಲಯ 1986ರಲ್ಲಿ ಹೇಳಿತು. ಹಾಗೆಂದು ಮಾಧ್ಯಮಕ್ಕೆ ಬೇಕಾದ ಪ್ರತಿಯೊಂದು ಬದಲಾವಣೆಯೂ ವಿರೂಪವಲ್ಲ. ಕೊನೆ ಬದಲಾಗಬಾರದೆಂಬ ಆಸೆ ಲೇಖಕಿಗಿದ್ದರೆ ಅದನ್ನು ಕರಾರಿನಲ್ಲೇ ಒಂದು ಸಾಲಾಗಿ ಬರೆಸುವುದು ಮೇಲು.

ಶಾರದಾ, ಮಡಿಕೇರಿ:

ಎಲ್ಲರಿಗೂ ಕೃತಜ್ಞತೆಗಳು. ತಿದ್ದುಪಡಿಗಳನ್ನು ನಿರ್ಮಾಪಕರಿಗೆ ಕಳುಹಿಸಿದೆ. 'ಈ ಮೂಲಕ' ತೆಗೆಯಲು ಒಪ್ಪಿದ್ದಾರೆ, ಚಿತ್ರೀಕರಣದ ಗಡುವು ಐದು ವರ್ಷವಿರಲಿ ಎನ್ನುತ್ತಿದ್ದಾರೆ. ನಾಟಕದ ಹಕ್ಕನ್ನು ಲೇಖಕಿ ಉಳಿಸಿಕೊಳ್ಳಲಿ, ಆದರೆ ಚಿತ್ರ ಬಿಡುಗಡೆಯಾಗಿ ಎರಡು ವರ್ಷವಾಗುವವರೆಗೆ ನಾಟಕ ಆಡಿಸಬಾರದೆಂಬ ಹೊಸ ಷರತ್ತನ್ನು ಮುಂದಿಟ್ಟಿದ್ದಾರೆ. ಇದನ್ನು 'ತಡೆಯವಧಿ' ಎನ್ನಬಹುದೇ?

ಲಲಿತಾ, ಕುಶಾಲನಗರ:

'ತಡೆಯವಧಿ' ಚೆನ್ನಾಗಿದೆ. ಆದರೆ ಬಿಡುಗಡೆಯ ದಿನದಿಂದ ಎಣಿಸಿದರೆ, ಚಿತ್ರವೇ ಬಿಡುಗಡೆಯಾಗದಿದ್ದಾಗ ತಡೆಗೆ ಕೊನೆಯಿಲ್ಲ. ಸಹಿಯ ದಿನದಿಂದ ಎಣಿಸುವಂತೆ ಕೇಳಿ, ಮತ್ತು 'ಕೊಡವ ಭಾಷೆಯ ಹವ್ಯಾಸಿ ರಂಗಪ್ರದರ್ಶನಗಳಿಗೆ ಈ ತಡೆ ಅನ್ವಯಿಸದು' ಎಂಬ ವಿನಾಯಿತಿಯನ್ನು ಸೇರಿಸಿ. ಆ ಪ್ರದರ್ಶನದ ವಿಡಿಯೊ ಪ್ರಸಾರ ಮಾಡುವುದಿಲ್ಲವೆಂದು ಬರೆದುಕೊಟ್ಟರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಐದು ವರ್ಷದ ಗಡುವು ನನಗೆ ಹೆಚ್ಚೆನಿಸುತ್ತದೆ. ಅದನ್ನು ತೀರ್ಮಾನಿಸಬೇಕಾದವರು ಲೇಖಕಿ.

ನಂಜಪ್ಪ, ಸೋಮವಾರಪೇಟೆ:

'ತಡೆಗಾಲ' ಎನ್ನಿ. 'ಅವಧಿ' ಸಂಸ್ಕೃತ.