ಅಡಿಕೆ ಸುಲಿಯೋ ಮಷೀನಿನ ಜಾಹೀರಾತಿಗೆ ಅಡಿಕೆ ರೇಟ್ ನೋಡೋರ ಕ್ಲಿಕ್ಕು

ಮಷೀನ್ ಅಂಗಡಿ, ದಾವಣಗೆರೆ: ಅಡಿಕೆ ಸುಲಿಯೋ ಮಷೀನ್ ಮಾರ್ತೀವಿ. ಗೂಗಲ್ ಆ್ಯಡ್ಸ್‌ನಲ್ಲಿ ‘ಅಡಿಕೆ ಸುಲಿಯುವ ಮಷೀನ್’ ಅಂತ ಒಂದೇ ಕೀವರ್ಡ್ ಹಾಕಿದೀವಿ. ಮಧ್ಯಾಹ್ನದೊಳಗೆ ಬಜೆಟ್ ಖಾಲಿ, ಫೋನ್ ಮಾತ್ರ ಬರಲ್ಲ. ಜನ ಏನು ಹುಡುಕಿ ಬಂದ್ರು ಅಂತ ಸರ್ಚ್ ಟರ್ಮ್ಸ್ ತೆಗೆದು ನೋಡಿದ್ರೆ ಬರೀ ‘ಇವತ್ತಿನ ಅಡಿಕೆ ರೇಟ್’. ಏನ್ ಮಾಡ್ಬೇಕು?

ಎಂಸಿಸಿ ಬಿ ಬ್ಲಾಕ್: ಕೀವರ್ಡ್‌ನ ಚೌಕ ಕಂಸದೊಳಗೆ ಹಾಕ್ರಿ, ಎಕ್ಸಾಕ್ಟ್ ಆಗುತ್ತೆ. ಬರೆದಿದ್ದಕ್ಕಿಂತ ಒಂದಕ್ಷರ ಆಚೆ ಈಚೆ ಆದ್ರೂ ಆ್ಯಡ್ ಬರಲ್ಲ. ನೆಗೆಟಿವ್‌ನಲ್ಲಿ ‘ರೇಟ್’ ಅಂತ ಹಾಕಿಬಿಡ್ರಿ, ಆ ಪದ ಇರೋ ಹುಡುಕಾಟಕ್ಕೆ ಆ್ಯಡ್ ಹೋಗಲ್ಲ. ಮುಗೀತು.

ಕೀವರ್ಡ್ ಕೆಲಸ: ‘ಒಂದಕ್ಷರ’ದ ಮಾತು ಹಳೇದಾಯ್ತು. ಈಗ ಎಕ್ಸಾಕ್ಟ್ ಹಾಕಿದ್ರೂ ಅದೇ ಅರ್ಥದ ಹುಡುಕಾಟಕ್ಕೆ ಆ್ಯಡ್ ಬರಬಹುದು. ‘ಮಷೀನ್’ ಅಂತ ಕೊಟ್ಟಿದ್ರೆ ‘ಯಂತ್ರ’ ಅಂತ ಹುಡುಕಿದವನಿಗೂ ಕಾಣಬಹುದು, ಅದು ಒಳ್ಳೇದೇ. ಇವರ ತೊಂದರೆ ಬೇರೆ. ಯಾವ ಚಿಹ್ನೆಯೂ ಇಲ್ಲದೆ ಬರೆದಿದ್ದಾರೆ, ಅಂದ್ರೆ ಬ್ರಾಡ್ ಮ್ಯಾಚ್. ಅದು ಪದ ನೋಡಲ್ಲ, ಸಂಬಂಧ ನೋಡುತ್ತೆ. ಹುಡುಕೋನು ಈಚೆಗೆ ಏನು ಹುಡುಕಿದ್ದ, ನಿಮ್ಮ ವೆಬ್‌ಸೈಟಿನಲ್ಲಿ ಏನೈತೆ ಅನ್ನೋದನ್ನೂ ಲೆಕ್ಕಕ್ಕೆ ತಗೊಳ್ಳುತ್ತೆ. ಅಡಿಕೆ ಬೆಳೆಗಾರ ಅಂತ ಅನಿಸಿದ್ರೆ ಸಾಕು, ತೋರಿಸಿಬಿಡುತ್ತೆ. ಎರಡೂ ಕಡೆ ಉದ್ಧರಣ ಚಿಹ್ನೆ ಹಾಕಿ ಫ್ರೇಸ್ ಮಾಡ್ರಿ. ಆಗ ಸುಲಿಯೋ ಮಷೀನಿನ ಅರ್ಥ ಹುಡುಕಾಟದೊಳಗೆ ಇರಲೇಬೇಕಾಗುತ್ತೆ. ಮತ್ತೆ ‘ರೇಟ್’ ಒಂದನ್ನೇ ನೆಗೆಟಿವ್ ಮಾಡಬೇಡ್ರಿ. ‘ಅಡಿಕೆ ಸುಲಿಯುವ ಮಷೀನ್ ರೇಟ್’ ಅಂತ ಹುಡುಕೋನೇ ಕೊಳ್ಳೋಕೆ ಬಂದೋನು, ಅವನನ್ನೇ ಬಾಗಿಲಾಚೆ ನಿಲ್ಲಿಸಿದಂಗೆ ಆಗುತ್ತೆ.

ಚನ್ನಗಿರಿ ತೋಟ: ‘ಕೊಳ್ಳೋಕೆ ಬಂದೋನು’ ಅಂದ್ರಲ್ಲ. ಅಡಿಕೆ ರೇಟ್ ನೋಡೋನು ಯಾರ್ರೀ? ಅವನೂ ರೈತನೇ. ನಾನೂ ದಿನಾ ನೋಡ್ತೀನಿ. ಅವನಿಗೆ ಮಷೀನ್ ಬೇಡ ಅಂತ ನಿಮಗೆ ಹೇಳ್ದೋರ್ಯಾರು?

ಕೀವರ್ಡ್ ಕೆಲಸ: ಬೇಡ ಅನ್ನಲಿಲ್ಲಣ್ಣ. ಆ ಹೊತ್ತಿಗೆ ಅವನು ಹುಡುಕ್ತಿರೋದು ರೇಟು. ಕ್ಲಿಕ್ಕಿಗೆ 8 ರೂಪಾಯಿ ಅಂತ ಹಿಡೀರಿ, ಅಂಥ 50 ಕ್ಲಿಕ್ಕಿಗೆ 400 ರೂಪಾಯಿ ಹೋಯ್ತು.

ಚನ್ನಗಿರಿ ತೋಟ: 8 ರೂಪಾಯಿ ಯಾವ ಲೆಕ್ಕ? ಒಂದು ಮಷೀನ್ ಹೋದ್ರೆ ಎಲ್ಲಾ ವಾಪಸ್ ಬಂತು. ರೇಟ್ ಏರಿದ ದಿನವೇ ರೈತನ ಕೈ ಬಿಚ್ಚೋದು. ತೋಟ ನೋಡದೋರಿಗೆ ಇದು ತಿಳಿಯಲ್ಲ.

ಎಂಸಿಸಿ ಬಿ ಬ್ಲಾಕ್: ಅಂಗಡಿಯವರು ಫೋನೇ ಬರಲ್ಲ ಅಂತ ಬರೆದಿದ್ದಾರೆ, ಓದಿದ್ರಾ? ಎಲ್ಲಿ ಬಂತು ನಿಮ್ಮ ಕೈ ಬಿಚ್ಚೋ ರೈತ?

ಚನ್ನಗಿರಿ ತೋಟ: ಅವರ ಪುಟ ಸರಿಯಿಲ್ಲದಿದ್ರೆ ರೈತ ಏನ್ ಮಾಡ್ತಾನೆ? ರೈತನ್ನ ಬೈಯೋದು ನಿಲ್ಲಿಸ್ರಿ ಮೊದ್ಲು!

ದುರ್ಗದ ಲಾಡ್ಜ್: ನಂದೂ ಇದೇ ಗೋಳು. ‘ಫ್ರೀ’ ಅಂತ ನೆಗೆಟಿವ್ ಹಾಕಿದೀನಿ, ಆದ್ರೂ ‘ಚಿತ್ರದುರ್ಗ ಉಚಿತ ವಸತಿ’ ಅಂತ ಹುಡುಕೋರಿಗೆ ಆ್ಯಡ್ ಹೋಗ್ತೈತಿ. ಹಾಕಿದ್ಮೇಲೂ ತಡೆಯಲ್ಲ ಅಂದ್ರೆ ಮೋಸ ಅಲ್ವಾ?

ಕೀವರ್ಡ್ ಕೆಲಸ: ಮೋಸ ಅಲ್ಲ. ನೆಗೆಟಿವ್ ಸಮಾನಾರ್ಥ ಹಿಡಿಯಲ್ಲ. ನೀವು ಬರೆದ ಪದ ಇದ್ರೆ ತಡೆಯುತ್ತೆ, ತಪ್ಪು ಕಾಗುಣಿತನ್ನ 2024ರಿಂದ ಹಿಡೀತಿದೆ, ಅಷ್ಟೇ. ‘ಉಚಿತ’ ಬೇರೆ, ‘free’ ಬೇರೆ, ಎಲ್ಲಾ ಬರೀಬೇಕು. ಮಷೀನ್ ಅಂಗಡಿಯವರೇ, ನೀವು ನೆಗೆಟಿವ್ ಪಟ್ಟಿನ ಇಷ್ಟರಿಂದ ಶುರು ಮಾಡ್ರಿ, ಉದ್ಧರಣ ಚಿಹ್ನೆ ಸಮೇತ:

```
"ಅಡಿಕೆ ರೇಟ್"
"ಅಡಿಕೆ ದರ"
"ಅಡಿಕೆ ಧಾರಣೆ"
"adike rate"
"arecanut price"
```

ಚಿಹ್ನೆ ಬಿಟ್ರೆ ಕೆಟ್ಟಿತು. ಆಗ ಎರಡೂ ಪದ ಎಲ್ಲಿದ್ರೂ, ಯಾವ ಕ್ರಮದಲ್ಲಿದ್ರೂ ತಡೆಯುತ್ತೆ. ‘ಅಡಿಕೆ ಸುಲಿಯುವ ಮಷೀನ್ ರೇಟ್’ನಲ್ಲಿ ಅಡಿಕೆಯೂ ಐತೆ, ರೇಟೂ ಐತೆ, ಅದೂ ಹೋಯ್ತು. ಚಿಹ್ನೆ ಇದ್ರೆ ಎರಡೂ ಅದೇ ಕ್ರಮದಲ್ಲಿ ಅಕ್ಕಪಕ್ಕ ಬಂದಾಗ ಮಾತ್ರ ತಡೆಯುತ್ತೆ.

ಎಂಸಿಸಿ ಬಿ ಬ್ಲಾಕ್: ‘ಅಕ್ಕಪಕ್ಕ’ ಅಂತ ನೀವೇ ಅಂದ್ರಿ. ‘ಅಡಿಕೆ ಇವತ್ತಿನ ರೇಟ್’ ಅಂದ್ರೆ? ನಡುವೆ ಪದ ಬಂತು, ನುಸುಳಿತು. ಅದಕ್ಕೇ ನಾನು ‘ರೇಟ್’ ಒಂದೇ ಹಾಕ್ರಿ ಅಂದಿದ್ದು.

ಕೀವರ್ಡ್ ಕೆಲಸ: ನುಸುಳುತ್ತೆ. ‘ಇವತ್ತಿನ ರೇಟ್’ ಅಂತ ಇನ್ನೊಂದು ಸೇರಿಸಿದ್ರೆ ಅದೂ ನಿಲ್ಲುತ್ತೆ. ವಾರಕ್ಕೊಮ್ಮೆ ಸರ್ಚ್ ಟರ್ಮ್ಸ್ ನೋಡಿ ಬಂದದ್ದನ್ನ ಸೇರಿಸ್ತಾ ಹೋಗ್ಬೇಕು.

ಎಂಸಿಸಿ ಬಿ ಬ್ಲಾಕ್: ಆ ಪಟ್ಟಿಯಲ್ಲಿ ಎಲ್ಲಾ ಹುಡುಕಾಟ ತೋರಿಸಲ್ಲ. ಕಮ್ಮಿ ಜನ ಹುಡುಕಿದ್ದನ್ನ 2020ರಿಂದ ಮುಚ್ಚಿಡ್ತಾರೆ, ದುಡ್ಡು ಮಾತ್ರ ಹೋಗ್ತೈತಿ. ಕಾಣದ್ದನ್ನ ಹೆಂಗೆ ಸೇರಿಸ್ತೀರಿ?

ಕೀವರ್ಡ್ ಕೆಲಸ: ಅದಕ್ಕೇ ಮೊದಲು ಬ್ರಾಡ್ ಬಿಡ್ರಿ ಅಂದಿದ್ದು. ಬಾಗಿಲು ಕಿರಿದಾದ್ರೆ ಕಾಣದೆ ಬರೋರೂ ಕಮ್ಮಿ ಆಗ್ತಾರೆ.

ದುರ್ಗದ ಲಾಡ್ಜ್: ‘ಉಚಿತ’ ಹಾಕಿದ್ರೆ ‘ಉಚಿತ ಪಾರ್ಕಿಂಗ್ ಇರೋ ಲಾಡ್ಜ್’ ಹುಡುಕೋರೂ ಹೋಗ್ತಾರಲ್ರೀ? ನಮ್ಮಲ್ಲಿ ಪಾರ್ಕಿಂಗ್ ಐತಿ.

ಮಷೀನ್ ಅಂಗಡಿ, ದಾವಣಗೆರೆ: ಫ್ರೇಸ್ ಮಾಡಿದೆ, ಐದೂ ಹಾಕಿದೆ. ಈಗ ‘ಮಷೀನ್ ಬಾಡಿಗೆ’ ಅಂತ ಹುಡುಕೋರು ಕಾಣ್ತಿದ್ದಾರೆ. ನಾವು ಬಾಡಿಗೆಗೆ ಕೊಡಲ್ಲ.

ಕೀವರ್ಡ್ ಕೆಲಸ: ‘ಬಾಡಿಗೆ’ ಒಂದೇ ಪದ ಹಾಕ್ರಿ, ‘rent’ ಕೂಡ. ಅದಿದ್ದಲ್ಲೆಲ್ಲ ನಿಮಗೆ ಕೆಲಸ ಇಲ್ಲ.

ಚನ್ನಗಿರಿ ತೋಟ: ಬಾಡಿಗೆ ಕೊಟ್ಟು ಸಾಕಾದೋನೇ ಸ್ವಂತ ಮಷೀನ್ ತಗೊಳ್ಳೋದು. ಅವನನ್ನೂ ಓಡಿಸ್ರಿ ಈಗ!